ಬಾರದವನ ನಾಲ್ಕು ಸಾಲು

ಗೃಹಪ್ರವೇಶಕ್ಕೆ ತಪ್ಪಿಸಿಕೊಂಡ ಗೆಳೆಯ ಮರುದಿನ ಬೆಳಿಗ್ಗೆ ಕಳಿಸಿದ ವಾಟ್ಸಾಪ್ ಸಂದೇಶವಿದು:

“ನಿನ್ನೆ ಬರಲಿಲ್ಲ, ತಪ್ಪಾಯ್ತು ಕಣೋ. ಕೆಲಸ ಮುಗಿಸಿ ರಾತ್ರಿ ಬಸ್ಸು ಹಿಡೀತೀನಿ ಅಂದ್ಕೊಂಡಿದ್ದೆ, ಆಗಲಿಲ್ಲ; ಆಗಲ್ಲ ಅಂತ ಗೊತ್ತಾದ ಕೂಡಲೇ ನಿನಗೆ ಹೇಳಬೇಕಿತ್ತು. ಹಾಲುಕ್ಕಿಸುವಾಗ ನಾನೂ ಇರಬೇಕು ಅಂತ ಅಮ್ಮ ಹೇಳಿದ್ರು, ಅವರಿಗೆ ನಾನೇ ಫೋನ್ ಮಾಡ್ತೀನಿ. ಭಾನುವಾರ ಬರಲಾ, ನಿನಗೆ ಅನುಕೂಲ ನೋಡ್ಕೊಂಡು ಹೇಳು.”

ಇದರ ಕಸುಬುಗಾರಿಕೆ ಎರಡನೆಯ ಸಾಲಿನಲ್ಲಿದೆ. ಕಾರಣ ಅರ್ಧ ವಾಕ್ಯಕ್ಕೇ ಮುಗಿಯುತ್ತದೆ, ಉಳಿದರ್ಧ ನಿಜವಾದ ತಪ್ಪನ್ನು ಹಿಡಿಯುತ್ತದೆ. ಬಾರದಿದ್ದುದಕ್ಕಿಂತ ಹೇಳದೆ ಉಳಿದದ್ದೇ ಹೆಚ್ಚು ನೋಯಿಸುವುದು. ಮನೆಯವರು ಬಾಗಿಲು ನೋಡುತ್ತಾ ಊಟದ ಪಂಕ್ತಿ ತಡಮಾಡಿರುತ್ತಾರೆ. ಕಾರಣವೇ ಹತ್ತು ಸಾಲಾಗಿದ್ದರೆ ಅದು ಕ್ಷಮೆಯಲ್ಲ, ವಕಾಲತ್ತು.

ಮೂರನೆಯ ಸಾಲು ಅಮ್ಮನನ್ನು ನೆನೆಯುತ್ತದೆ. ಕರೆದದ್ದು ಗೆಳೆಯನೊಬ್ಬನೇ ಅಲ್ಲ, ಇಡೀ ಮನೆ ಎಂಬುದು ಅವನಿಗೆ ಗೊತ್ತು. ಕೊನೆಯ ಸಾಲು ದಿನ ಹೇಳುತ್ತದೆ, ಆದರೆ ತೀರ್ಮಾನ ನಮಗೇ ಬಿಡುತ್ತದೆ. “ಯಾವತ್ತಾದ್ರೂ ಬರ್ತೀನಿ” ಎನ್ನುವುದಕ್ಕೆ ಈ ತೂಕವಿಲ್ಲ.

“ನಿನಗೆ ಬೇಜಾರಾಗಿದ್ರೆ ಕ್ಷಮಿಸು” ಎಂಬ ಮಾತು ಇಲ್ಲಿಲ್ಲ. ಆ “ಆಗಿದ್ರೆ” ಬಂದೊಡನೆ ತಪ್ಪು ಬಾರದವನಿಂದ ಬೇಜಾರಾದವನ ಮೇಲೆ ಜಾರುತ್ತದೆ.

ಸಂದೇಶಕ್ಕೂ ಮಿತಿಯಿದೆ. ಹಿರಿಯರು ಮನೆಗೇ ಬಂದು ಕುಂಕುಮ ಕೊಟ್ಟು ಕರೆದಿದ್ದರೆ ಬರೆದದ್ದು ಸಾಲದು, ಹೋಗಿಯೇ ಹೇಳಬೇಕು.