ನಳಿಕೆಯ ಪರೀಕ್ಷೆ ಹೇಳದೆ ಉಳಿಸುವುದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ನೀರಾವರಿ ಸೀಮೆಯಲ್ಲಿ ಕಾಲುವೆಯ ಬಸಿನೀರು ನಿಂತೆಡೆ ಹುಟ್ಟಿ, ದನದ ಕೊಟ್ಟಿಗೆಯ ಗೋಡೆಯ ಮೇಲೆ ಹಗಲು ಕಳೆಯುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ನಮ್ಮ ಗ್ರಾಮಗಳ ಮಲೇರಿಯಾದ ಪ್ರಧಾನ ವಾಹಕ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಡಿ.ಡಿ.ಟಿ.ಯಿಂದ ಇದನ್ನು ಅಡಗಿಸಲೆಳಸಿತಾದರೂ, 1959ರ ವೇಳೆಗೆ ಇಂದಿನ ಗುಜರಾತಿನ ಪಂಚಮಹಲಿನಲ್ಲಿ ಇದೇ ಜಾತಿ ಆ ವಿಷವನ್ನು ಸಹಿಸತೊಡಗಿದ್ದು ಕಂಡುಬಂದಿತು.

ಅಂದಿನಿಂದ ಸಹಿಷ್ಣುತೆಯನ್ನು ಅಳೆಯುವ ಮುಖ್ಯ ಸಾಧನವೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ನಳಿಕೆಯ ಪರೀಕ್ಷೆ. ವಿಷ ಲೇಪಿಸಿದ ಕಾಗದವಿರುವ ನಳಿಕೆಯಲ್ಲಿ ಹೆಣ್ಣುಸೊಳ್ಳೆಗಳನ್ನು ಒಂದು ಗಂಟೆ ಇರಿಸಿ, ಇಪ್ಪತ್ತನಾಲ್ಕು ಗಂಟೆಗಳ ಅನಂತರ ಸತ್ತವನ್ನು ಎಣಿಸುತ್ತಾರೆ. ಶೇಕಡಾ 98 ಅಥವಾ ಹೆಚ್ಚು ಸತ್ತರೆ ವಿಷವು ಫಲಕಾರಿ, 90ಕ್ಕಿಂತ ಕಡಿಮೆಯಾದರೆ ಪ್ರತಿರೋಧ ಸಿದ್ಧ. ಸರಳತೆಯೇ ಈ ಕ್ರಮದ ಗುಣ. ಆದರೆ ಸೊಳ್ಳೆ ಏಕೆ ಉಳಿಯಿತೆಂಬುದನ್ನು ಅದು ತಿಳಿಸಲಾರದೆಂಬುದು ಸಣ್ಣ ನ್ಯೂನತೆಯಲ್ಲವೆಂದು ನನ್ನ ಅಭಿಪ್ರಾಯ.

ಡಿ.ಡಿ.ಟಿ.ಗೆ ಸಾಯದ ಎರಡು ಸೊಳ್ಳೆಗಳನ್ನು ಪರಿಗಣಿಸೋಣ. ಮೊದಲನೆಯದರ ನರಗಳ ಸೋಡಿಯಂ ಮಾರ್ಗವನ್ನು ರೂಪಿಸುವ ಪ್ರೋಟೀನಿನ 1014ನೆಯ ಸ್ಥಾನದಲ್ಲಿ ಲ್ಯೂಸೀನಿಗೆ ಬದಲಾಗಿ ಫಿನೈಲ್‌ಅಲನೀನ್ ಬಂದಿದೆ. ಅದರಿಂದ ವಿಷವು ಆ ಮಾರ್ಗವನ್ನು ತೆರೆದೇ ಹಿಡಿದಿಡಲಾರದು. ಪೈರೆಥ್ರಾಯ್ಡುಗಳೂ ಅದೇ ಮಾರ್ಗವನ್ನೇ ಆಕ್ರಮಿಸುವುದರಿಂದ, ಡಿ.ಡಿ.ಟಿ.ಯನ್ನು ಬಿಟ್ಟು ಡೆಲ್ಟಾಮೆಥ್ರಿನ್ ಹಿಡಿದರೆ ಅದರ ಬಲವೂ ಕುಗ್ಗುವುದು. ಎರಡನೆಯದರಲ್ಲಾದರೋ ನರವು ಯಥಾಸ್ಥಿತಿಯಲ್ಲಿದೆ. ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವವು ಡಿ.ಡಿ.ಟಿ.ಯನ್ನು ಸೊಳ್ಳೆಗೆ ನಿರುಪದ್ರವಿಯಾದ ಡಿ.ಡಿ.ಇ. ಆಗಿ ಮಾರ್ಪಡಿಸುತ್ತದೆ. ಇಲ್ಲಿ ಡೆಲ್ಟಾಮೆಥ್ರಿನ್ ಇನ್ನೂ ಕೊಲ್ಲಬಹುದು. ಎರಡಕ್ಕೂ ನಳಿಕೆ ಕೊಡುವ ಉತ್ತರ ಒಂದೇ.

ಇಂಥ ಭೇದವನ್ನು ಅರಿಯಲು ಪೂರಕ ಪರೀಕ್ಷೆಯೊಂದುಂಟು. ಡೆಲ್ಟಾಮೆಥ್ರಿನ್ನಿಗೆ ನೂರರಲ್ಲಿ ಅರವತ್ತು ಸತ್ತವೆಂದಿಟ್ಟುಕೊಳ್ಳೋಣ. ಸೈಟೋಕ್ರೋಮ್ ಪಿ450 ಕಿಣ್ವಗಳನ್ನು ತಡೆಯುವ ಪೈಪೆರೊನಿಲ್ ಬ್ಯುಟಾಕ್ಸೈಡಿಗೆ ಮೊದಲು ಒಂದು ಗಂಟೆ ಒಡ್ಡಿದ ಮತ್ತೊಂದು ತಂಡದಲ್ಲಿ ತೊಂಬತ್ತೊಂಬತ್ತು ಸತ್ತರೆ, ಉಳಿವಿಗೆ ಆ ಕಿಣ್ವಗಳೇ ಕಾರಣವಾಗಿದ್ದವೆಂದು ಊಹಿಸಬಹುದು. ಎಂಬತ್ತಕ್ಕೇ ನಿಂತರೆ ಬೇರೊಂದು ಕಾರಣವೂ ಸೇರಿದೆ. ಅರವತ್ತೆರಡಾದರೆ ಸೋಡಿಯಂ ಮಾರ್ಗದ ಕಡೆಗೆ ಸಂಶಯ ಹೊರಳತಕ್ಕದ್ದು. ಈ ವಿಧಾನವೂ ಪರಿಪೂರ್ಣವಲ್ಲ: ಆ ರಾಸಾಯನಿಕವು ಕೆಲವು ಎಸ್ಟರೇಸುಗಳನ್ನೂ ತಡೆಯುವುದರಿಂದ ಯಾವ ಕಿಣ್ವವೆಂದು ನಿಶ್ಚಯವಾಗಿ ಹೇಳಬರುವುದಿಲ್ಲ. ಕೊಟ್ಟಿಗೆಯಿಂದ ಹಿಡಿದು ತಂದ ಸೊಳ್ಳೆಗಳಲ್ಲಿ ವಯಸ್ಸಾದವು ಹೆಚ್ಚಿದ್ದರೆ, ಮುಪ್ಪಿನೊಡನೆ ಪ್ರತಿರೋಧ ಸಾಮಾನ್ಯವಾಗಿ ಕುಗ್ಗುವ ಕಾರಣ, ಲೆಕ್ಕವೇ ವಾಸ್ತವಕ್ಕಿಂತ ಹಿತಕರವಾಗಿ ಕಾಣುವುದು.

ಆದುದರಿಂದ ಪರೀಕ್ಷೆ ಮುಗಿದೊಡನೆ ಸತ್ತವನ್ನೂ ಉಳಿದವನ್ನೂ ಬೇರೆಬೇರೆಯಾಗಿ, ಗ್ರಾಮ, ವಿಷ, ದಿನಾಂಕಗಳ ಚೀಟಿಯೊಡನೆ, ಮದ್ಯಸಾರದಲ್ಲೋ ತೇವ ಹೀರುವ ಸಿಲಿಕಾ ಹರಳುಗಳ ಮೇಲೋ ಕಾಪಿಟ್ಟು ವಂಶವಾಹಿ ಪರೀಕ್ಷೆಗೆ ಕಳಿಸುವುದನ್ನು ಈ ಕ್ರಮದ ಅಂಗವನ್ನಾಗಿಸಬೇಕು. 1014ನೆಯ ಸ್ಥಾನದ ಬದಲಾವಣೆ ಉಳಿದವುಗಳಲ್ಲಿ ಹೆಚ್ಚಾಗಿಯೂ ಸತ್ತವುಗಳಲ್ಲಿ ವಿರಳವಾಗಿಯೂ ಕಂಡರೆ ಮಾತ್ರ ಪ್ರತಿರೋಧದಲ್ಲಿ ಅದರ ಪಾತ್ರವುಂಟೆನ್ನಲು ಆಧಾರ ದೊರೆಯುತ್ತದೆ. ಎರಡು ಗುಂಪಿನಲ್ಲಿಯೂ ಸಮವಾಗಿದ್ದರೆ ಕಾರಣವನ್ನು ಕಿಣ್ವಗಳಲ್ಲಿಯೂ ಅರಸತಕ್ಕದ್ದು.