ಇನ್ನೂ ಹತ್ತು ಪ್ರಿಪೆಂಡ್ ಹಾಕಿದರೂ ಆಗದು

ಎರಡು ಐಎಸ್‌ಪಿಗಳ ಸಂಪರ್ಕವಿರುವ ಕಂಪನಿಯ ಎಂಜಿನಿಯರ್ ಒಬ್ಬರು ಮೊನ್ನೆ ಕೇಳಿದ ಪ್ರಶ್ನೆ ಪ್ರಿಪೆಂಡ್ ಪಂಥದವರ ಜೊತೆಗಿನ ನನ್ನ ಹಳೆಯ ಜಗಳವನ್ನು ಕೆದಕಿದೆ. "ಬ್ಯಾಕಪ್ ಲಿಂಕಲ್ಲಿ ಐದು ಸಲ ಪ್ರಿಪೆಂಡ್ ಹಾಕಿದೀನಿ ಸಾರ್, ಆದ್ರೂ ಟ್ರಾಫಿಕ್ ಅಲ್ಲೇ ಬರ್ತಿದೆ. ಇನ್ನೂ ಹತ್ತು ಹಾಕ್ಲಾ?"

ಬೇಡ. ಹೋಗುವ ದಾರಿಯನ್ನು ಆರಿಸುವವರು ನಾವು; ಬರುವ ದಾರಿಯನ್ನು ಆರಿಸುವವರು ಬೇರೆಯವರು. ಹೋಗುವ ಕಡೆಗೆ ಲೋಕಲ್ ಪ್ರಿಫರೆನ್ಸ್ ಸಾಕು. ಮುಖ್ಯ ಐಎಸ್‌ಪಿಯಿಂದ ಬರುವ ರೂಟುಗಳಿಗೆ 200 ಕೊಟ್ಟು, ಇನ್ನೊಂದನ್ನು ಮಾಮೂಲಿ 100ರಲ್ಲೇ ಬಿಟ್ಟರೆ ಆ ಕೆಲಸ ಮುಗಿಯಿತು. ಆದರೆ ಈ ಅಂಕಿ ನಮ್ಮ ಎಎಸ್ ಗಡಿ ದಾಟುವುದಿಲ್ಲ. ಗಡಿಯಾಚೆಗೂ ನಮ್ಮ ಇಷ್ಟ ನಡೆಯಲಿ ಎಂದು ಪ್ರಿಪೆಂಡ್ ಪಂಥದವರು ತಮ್ಮ ಎಎಸ್ ಸಂಖ್ಯೆಯನ್ನೇ ಮತ್ತೆ ಮತ್ತೆ ಸೇರಿಸಿ ಪಾತ್ ಉದ್ದ ಮಾಡುತ್ತಾರೆ.

ಅದೇಕೆ ಸೋಲುತ್ತದೆ ಎನ್ನುವುದನ್ನು ಉದಾಹರಣೆಗೆಂದೇ ಮೀಸಲಾದ ಸಂಖ್ಯೆಗಳಲ್ಲಿ ನೋಡೋಣ. ನಾವು 64500, ನಮ್ಮ ವಿಳಾಸ 203.0.113.0/24. ಮುಖ್ಯ ಐಎಸ್‌ಪಿ 64496, ಬ್ಯಾಕಪ್ 64499. ಬ್ಯಾಕಪ್‌ನವರ ರೂಟರಿಗೆ ನಮ್ಮ ವಿಳಾಸ ಎರಡು ಕಡೆಯಿಂದ ತಲುಪುತ್ತದೆ. ನೇರವಾಗಿ ಬಂದದ್ದರ ಪಾತ್‌ನಲ್ಲಿ 64500 ಆರು ಸಲ ಇದೆ. ಮುಖ್ಯ ಐಎಸ್‌ಪಿ ಮೂಲಕ ಬಂದದ್ದು ಚಿಕ್ಕದು: 64496 64500. ಚಿಕ್ಕದೇ ಗೆಲ್ಲಬೇಕಲ್ಲವೇ? ಗೆಲ್ಲುವುದಿಲ್ಲ. ಬಿಜಿಪಿ ಪಾತ್ ಎಣಿಸುವ ಮೊದಲು ಲೋಕಲ್ ಪ್ರಿಫರೆನ್ಸ್ ನೋಡುತ್ತದೆ. ಗ್ರಾಹಕರ ರೂಟಿಗೆ ಹೆಚ್ಚು ಅಂಕ ಕೊಡುವುದು ಐಎಸ್‌ಪಿಗಳ ರೂಢಿ, ಏಕೆಂದರೆ ಗ್ರಾಹಕರ ಲಿಂಕಿನಲ್ಲಿ ಹೋದ ಟ್ರಾಫಿಕ್‌ಗೆ ಹಣ ಬರುತ್ತದೆ. ನಾವು ಅವರ ಗ್ರಾಹಕರು. ಎಷ್ಟು ಪ್ರಿಪೆಂಡ್ ಹಾಕಿದರೂ ಎಣಿಕೆಯ ಹಂತವೇ ಬರುವುದಿಲ್ಲ. ಆ ಐಎಸ್‌ಪಿಯ ಉಳಿದ ಗ್ರಾಹಕರೆಲ್ಲ ನಮ್ಮ ಸಣ್ಣ ಬ್ಯಾಕಪ್ ಲಿಂಕಿಗೇ ಬಂದು ತುಂಬುತ್ತಾರೆ.

ಇದಕ್ಕೆ ಮದ್ದು 1996ರಲ್ಲೇ ಸಿಕ್ಕಿತ್ತು. ಎನ್ಕೆ ಚೆನ್ ಮತ್ತು ಟೋನಿ ಬೇಟ್ಸ್ ಬರೆದ ಆರ್‌ಎಫ್‌ಸಿ 1998 ನಾನು ಮತ್ತೆ ಮತ್ತೆ ತೆಗೆದು ಓದುವ ಪುಟಗಳು. ಅದರಲ್ಲಿ ಎಂಸಿಐ ಜಾಲದ ಏರ್ಪಾಟಿದೆ. ಗ್ರಾಹಕರ ರೂಟಿಗೆ 100, ಬೇರೆ ಐಎಸ್‌ಪಿಗಳಿಂದ ಕಲಿತದ್ದಕ್ಕೆ 80. ಗ್ರಾಹಕ ತನ್ನ ರೂಟಿನ ಜೊತೆ 3561:70 ಎಂಬ ಕಮ್ಯೂನಿಟಿ ಕಳಿಸಿದರೆ ಎಂಸಿಐ ಅದಕ್ಕೆ 70 ಕೊಡುತ್ತಿತ್ತು. ಪ್ರತಿ ಗ್ರಾಹಕನಿಗಾಗಿ ಐಎಸ್‌ಪಿ ಕಾನ್ಫಿಗ್ ತಿದ್ದಬೇಕಿಲ್ಲ. ಗ್ರಾಹಕನೇ ತನಗೆ ಬೇಕಾದದ್ದನ್ನು ಹೇಳುತ್ತಾನೆ.

ನಮ್ಮ ಬ್ಯಾಕಪ್ ಐಎಸ್‌ಪಿಯಲ್ಲೂ ಅದೇ ಏರ್ಪಾಟಿದೆ ಎಂದುಕೊಳ್ಳಿ. ಸಿಸ್ಕೋ ರೂಟರಿನಲ್ಲಿ ಹೀಗೆ:

```
ip prefix-list OURS permit 203.0.113.0/24
route-map B-OUT permit 10
 match ip address prefix-list OURS
 set community 64499:70
router bgp 64500
 neighbor 198.51.100.1 route-map B-OUT out
 neighbor 198.51.100.1 send-community
```

ಈಗ ಬ್ಯಾಕಪ್‌ನವರಿಗೂ ಮುಖ್ಯ ಐಎಸ್‌ಪಿ ಮೂಲಕ ಬರುವ ದಾರಿಯೇ ಮೇಲು. ತಾವು ಆರಿಸದ ನೇರ ದಾರಿಯನ್ನು ಅವರು ಹೊರಗೂ ಸಾರುವುದಿಲ್ಲ. ಮುಖ್ಯ ಲಿಂಕ್ ಬಿದ್ದಾಗ ಉಳಿಯುವುದು 70ರ ದಾರಿ ಒಂದೇ. ಅದು ತಾನಾಗಿ ಮೇಲೆ ಬರುತ್ತದೆ. `OURS` ಪಟ್ಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದೇ ರೀತಿ ಎರಡೂ ಕಡೆ ನಮ್ಮ ವಿಳಾಸವನ್ನು ಮಾತ್ರ ಹೊರಬಿಡದಿದ್ದರೆ ಒಬ್ಬ ಐಎಸ್‌ಪಿಯ ರೂಟುಗಳು ಇನ್ನೊಬ್ಬನಿಗೆ ಸೋರಿ, ಅವರಿಬ್ಬರ ನಡುವಿನ ಟ್ರಾಫಿಕ್ ನಮ್ಮ ಆಫೀಸಿನ ಮೂಲಕ ಹರಿಯಬಹುದು.

ಹೆಚ್ಚಿನವರು ಎಡವುವುದು ಕೊನೆಯ ಸಾಲಿನಲ್ಲಿ. `send-community` ಇಲ್ಲದಿದ್ದರೆ ಐಒಎಸ್ ಕಮ್ಯೂನಿಟಿಯನ್ನು ಕಳಿಸುವುದೇ ಇಲ್ಲ, ದೂರನ್ನೂ ಹೇಳುವುದಿಲ್ಲ. ಅದು ಅವರಿಗೆ ತಲುಪಿ ಕೆಲಸ ಮಾಡಿತೇ ಎಂಬುದು ನಮ್ಮ ರೂಟರ್ ನೋಡಿದರೆ ತಿಳಿಯದು. ಬ್ಯಾಕಪ್ ಐಎಸ್‌ಪಿಯ ಲುಕಿಂಗ್ ಗ್ಲಾಸ್ ತೆರೆದು ನಮ್ಮ ವಿಳಾಸ ಹುಡುಕಬೇಕು. ಬೆಸ್ಟ್ ಎಂದು ತೋರಿಸುವ ಪಾತ್‌ನಲ್ಲಿ 64496 ಇದ್ದರೆ ಮಾತು ತಲುಪಿದೆ. 64500 ಒಂದೇ ಇದ್ದರೆ ತಲುಪಿಲ್ಲ. ಆಮೇಲೆ ಒಂದು ರಾತ್ರಿ ಮುಖ್ಯ ಸೆಷನ್ ಬೀಳಿಸಿ, ನೇರ ದಾರಿ ಮೇಲೆ ಬರುವುದನ್ನೂ ನೋಡಬೇಕು.

ಎಲ್ಲ ಐಎಸ್‌ಪಿಗಳೂ ಇಂಥ ಕಮ್ಯೂನಿಟಿ ಕೊಡುವುದಿಲ್ಲ. ಅಂಥಲ್ಲಿ ನಿಮ್ಮ ಬಳಿ /23 ಇದ್ದರೆ, ಅದನ್ನು ಎರಡೂ ಕಡೆ ಸಾರಿ, ಅದರೊಳಗಿನ ಎರಡು /24ಗಳನ್ನು ಮುಖ್ಯ ಲಿಂಕಿನಲ್ಲಿ ಮಾತ್ರ ಬಿಡಬಹುದು. ಚಿಕ್ಕ ತುಂಡೇ ಯಾವಾಗಲೂ ಗೆಲ್ಲುತ್ತದೆ. ಒಂದೇ /24 ಇದ್ದವರಿಗೆ ಈ ದಾರಿಯೂ ಇಲ್ಲ, ಏಕೆಂದರೆ ಅದಕ್ಕಿಂತ ಚಿಕ್ಕದನ್ನು ಬಹುತೇಕ ಜಾಲಗಳು ಒಪ್ಪುವುದಿಲ್ಲ. ಆದ್ದರಿಂದ ಎರಡನೇ ಐಎಸ್‌ಪಿಯ ಕರಾರಿಗೆ ಸಹಿ ಹಾಕುವ ಮೊದಲು ದರಪಟ್ಟಿಯ ಜೊತೆಗೆ ಅವರ ಕಮ್ಯೂನಿಟಿ ಪಟ್ಟಿಯನ್ನೂ ಕೇಳಿ. ಕೊಡದಿದ್ದರೆ ಬೇರೆಯವರನ್ನು ನೋಡಿ.