ಗೆರೆಯನ್ನು ಬಿಟ್ಟು ತೀರ್ಪನ್ನು ಓದುವವರು

ಕೈಗಡಿಯಾರವು ಮೂವತ್ತು ಸೆಕೆಂಡುಗಳಲ್ಲಿ ಬರೆದುಕೊಡುವ ಇ.ಸಿ.ಜಿ.ಗೆ ಈಗ ಲಭಿಸಿರುವ ಕೀರ್ತಿಯೆಲ್ಲವೂ ಅದರ ಶಿರೋಭಾಗದಲ್ಲಿ ಮೂಡುವ ಒಂದೆರಡು ಪದಗಳ ತೀರ್ಪಿಗೆ ಸಂದಿದೆಯೇ ಹೊರತು, ಅದರ ಕೆಳಗೆ ಹರಿದಿರುವ ಗೆರೆಗೆ ಸಂದಿಲ್ಲ. `Sinus Rhythm` ಎಂದಿದ್ದರೆ ನೆಮ್ಮದಿ, ಬೇರೇನಾದರೂ ಇದ್ದರೆ ಭೀತಿ. ಓದು ಅಲ್ಲಿಗೇ ಮುಗಿಯುತ್ತದೆ. ನನ್ನ ಮತದಲ್ಲಿ ತೀರ್ಪಿನ ಕೀರ್ತಿ ಅತಿಯಾಯಿತು, ಗೆರೆಯ ಉಪೇಕ್ಷೆ ಅನ್ಯಾಯವಾಯಿತು.

ಗೆರೆಯ ಲಿಪಿ ಹೊಸದಲ್ಲ. ಲೈಡನ್ ನಗರದ ಐಂಥೋವನ್ ಅವರು ಜನರ ಕೈಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ಹೃದಯದ ವಿದ್ಯುತ್ತನ್ನು ಬರೆಸಿದರು, ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಬಲಗೈಗೂ ಎಡಗೈಗೂ ನಡುವೆ ಅವರು ಅಳೆದ ಒಂದನೆಯ ಲೀಡನ್ನೇ, ಎಡ ಮಣಿಕಟ್ಟಿನಲ್ಲಿ ಕಟ್ಟಿ ಬಲಗೈ ಬೆರಳನ್ನು ಗುಂಡಿಯ ಮೇಲಿಟ್ಟ ಗಡಿಯಾರವು ಇಂದು ಅಳೆಯುತ್ತದೆ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ವಿದ್ಯುತ್ಪ್ರೇರಣೆ ಹರಡಿದ ಗುರುತು ಪಿ ಎಂಬ ಸಣ್ಣ ಉಬ್ಬು. ಅದರ ಮುಂದಿನ ಸಮತಲವಾದ ತುಂಡು, ಕೆಳಗಿಳಿಯುವ ಮುನ್ನ ಪ್ರೇರಣೆ ಗಂಟೊಂದರಲ್ಲಿ ಕ್ಷಣಕಾಲ ತಡೆದು ನಿಲ್ಲುವುದರ ಗುರುತು. ಕ್ಯೂ-ಆರ್-ಎಸ್ ಎಂಬ ಚೂಪಾದ ಶಿಖರ ಹೃತ್ಕುಕ್ಷಿಗಳು ಪ್ರೇರಿತವಾದುದರದು. ಟಿ ಎಂಬ ಅಗಲವಾದ ಅಲೆ ಅವು ಮರಳಿ ಸಿದ್ಧಗೊಳ್ಳುವುದರದು. ಸಾಮಾನ್ಯವಾಗಿ ಬಳಸುವ ಅಳತೆಯಲ್ಲಿ ಒಂದು ಚಿಕ್ಕ ಚೌಕ 0.04 ಸೆಕೆಂಡು, ಐದು ಸೇರಿದ ದೊಡ್ಡ ಚೌಕ 0.2 ಸೆಕೆಂಡು.

ಇವುಗಳಲ್ಲಿ ಓದುಗನ ಕಣ್ಣು ಸಹಜವಾಗಿಯೇ ಎತ್ತರದ ಶಿಖರಕ್ಕೆ ಹೋಗುತ್ತದೆ; ಆದರೆ ಲಯದ ವಿಚಾರದಲ್ಲಿ ಮುಖ್ಯಸಾಕ್ಷಿ ಪಿ ಅಲೆಯೇ. ಈ ಲೀಡಿನಲ್ಲಿ ಅದು ಎಷ್ಟೋ ವೇಳೆ ಚಿಕ್ಕ ಚೌಕವೊಂದರಷ್ಟೂ ಎತ್ತರವಿರುವುದಿಲ್ಲ. ತೋಳಿನ ಸ್ನಾಯು ಬಿಗಿದಿದ್ದರೆ ಆ ಸ್ನಾಯುವಿನ ವಿದ್ಯುತ್ತು ಗೆರೆಯನ್ನು ನಡುಗಿಸಿ ಪಿಯನ್ನು ನುಂಗಿಬಿಡುತ್ತದೆ. ಹೃತ್ಕರ್ಣಗಳು ಕ್ರಮಗೆಟ್ಟು ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿಯೂ ಪಿ ಇಲ್ಲವಾಗಿ ಗೆರೆ ಅದುರುವುದರಿಂದ ಈ ಎರಡನ್ನು ಒಂದೆಂದು ಬಗೆಯುವುದು ಸುಲಭ. ಬೇರ್ಪಡಿಸುವ ಉಪಾಯ ಆರ್ ಶಿಖರಗಳ ನಡುವಣ ಅಂತರ: ಅವು ಸಮವಾಗಿದ್ದರೆ ನಡುಕ ಬಹುಶಃ ತೋಳಿನದು, ಯಾವ ಎರಡು ಅಂತರಗಳೂ ಒಂದು ಕ್ರಮಕ್ಕೆ ಬಾರದಿದ್ದರೆ ಶಂಕೆ ಹೃದಯದ ಮೇಲೆ. ಕೈಗಳನ್ನು ಮೇಜಿನ ಮೇಲೆ ಸಡಿಲವಾಗಿ ಊರಿ ಇನ್ನೊಮ್ಮೆ ಬರೆಸಿದರೆ ಸಂದೇಹ ಪ್ರಾಯಶಃ ಪರಿಹಾರವಾಗುತ್ತದೆ.

ಇನ್ನು, ಹನ್ನೆರಡು ಲೀಡುಗಳಿಲ್ಲದ ಇ.ಸಿ.ಜಿ. ಆಟದ ಸಾಮಾನೆನ್ನುವ ಪಂಡಿತರೊಡನೆ ನನಗೆ ಜಗಳವಿದೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ರಕ್ತ ಸಿಗದೆ ಸ್ನಾಯು ಘಾಸಿಗೊಳ್ಳುವುದು ಹೃದಯದ ಒಂದು ಪಾರ್ಶ್ವದಲ್ಲಿ. ಎಡಗಡೆಯಿಂದ ನೋಡುವ ಈ ಲೀಡಿಗೆ ಕೆಳಗೋಡೆಯ ಆಘಾತ ಸರಿಯಾಗಿ ಕಾಣದೇ ಹೋಗಬಹುದು. ಆದಕಾರಣ ಎದೆನೋವಿನವರಿಗೆ ಗಡಿಯಾರದ ಅಭಯವಚನ ಅಭಯವೇ ಅಲ್ಲ, ಅವರು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಆದರೆ ಲಯವು ಕಾಲದ ವಿಷಯ, ದಿಕ್ಕಿನದಲ್ಲ; ಬಡಿತ ಹೊತ್ತಿಗೆ ಮುಂಚೆ ಬಂದರೆ ಯಾವ ದಿಕ್ಕಿನಿಂದ ನೋಡಿದರೂ ಮುಂಚೆಯೇ. ಈ ಭೇದವನ್ನು ಮಾಡದ ಖಂಡನೆಯು, ತೀರ್ಪನ್ನು ಮಾತ್ರ ಓದುವವರ ಶ್ಲಾಘನೆಯಷ್ಟೇ ಅವಿಚಾರಿತವಾದುದು.

ಬಂಧುಗಳೊಬ್ಬರು, ಎದೆಯಲ್ಲಿ ಏನೋ ಹೊರಳಿದಂತಾಗುತ್ತದೆಂದು ಗಾಬರಿಯಿಂದ, `Inconclusive` ಎಂಬ ತೀರ್ಪು ಹೊತ್ತ ಹಾಳೆಯನ್ನು ನನಗೆ ತೋರಿಸಿದರು. ಆರ್‌ನಿಂದ ಆರ್‌ಗೆ ಎಣಿಸಿದೆ: ಇಪ್ಪತ್ತು ಚಿಕ್ಕ ಚೌಕ, ಮತ್ತೆ ಇಪ್ಪತ್ತು, ಅಂದರೆ ನಿಮಿಷಕ್ಕೆ 75 ಬಡಿತ; ಪ್ರತಿ ಶಿಖರಕ್ಕೆ ಮುನ್ನ ಸಣ್ಣದಾದರೂ ಸ್ಪಷ್ಟವಾದ ಪಿ. ಅನಂತರ ಹದಿಮೂರನೆಯ ಚೌಕಕ್ಕೇ ಒಂದು ಬಡಿತ, ಅದಕ್ಕೆ ಪಿ ಇಲ್ಲ, ಶಿಖರವೂ ಉಳಿದವಕ್ಕಿಂತ ಅಗಲ. ಅದರ ಮುಂದೆ ಇಪ್ಪತ್ತೇಳು ಚೌಕಗಳ ದೀರ್ಘ ವಿರಾಮ. ಹದಿಮೂರೂ ಇಪ್ಪತ್ತೇಳೂ ಕೂಡಿ ನಲವತ್ತು, ಎಂದರೆ ಎರಡು ಸಹಜ ಅಂತರಗಳಷ್ಟೇ! ಬಡಿತಗಳನ್ನು ಹೊರಡಿಸುವ, ಹೃತ್ಕರ್ಣದಲ್ಲಿರುವ ಮೇಲಿನ ಗಂಟು ತನ್ನ ಗತಿಯನ್ನು ಬಿಟ್ಟಿರಲಿಲ್ಲ. ಹೃತ್ಕುಕ್ಷಿಯಲ್ಲಿ ಅಕಾಲದ ಬಡಿತವೊಂದು ಹುಟ್ಟಿ ಮುಂದಿನದರ ಸರದಿಯನ್ನು ಕಸಿದಿತ್ತು. ಅಕ್ರಮದಲ್ಲಿಯೂ ಹೀಗೆ ಲೆಕ್ಕ ಕೂಡಿಬರುವುದು ಫಿಬ್ರಿಲೇಶನ್ನಿನ ಲಕ್ಷಣವಲ್ಲ.

ಹಾಳೆಯನ್ನು ವೈದ್ಯರಿಗೆ ಒಪ್ಪಿಸುವಂತೆ ಹೇಳಿದೆ. ಅಲ್ಲಿ ಹನ್ನೆರಡು ಲೀಡುಗಳನ್ನು ಹಚ್ಚಿ ಬರೆಸಿದ ಹತ್ತು ಸೆಕೆಂಡುಗಳಲ್ಲಿ ಅಕಾಲದ ಬಡಿತ ಒಂದೂ ಬರಲಿಲ್ಲ. ವೈದ್ಯರು ಗಡಿಯಾರದ ಹಾಳೆಯನ್ನೇ ಮುಂದಿರಿಸಿಕೊಂಡು, ತಾವೂ ಚೌಕಗಳನ್ನೆಣಿಸಿ, ಇಡೀ ದಿನದ ಲಯವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಗೆ ಬರೆದುಕೊಟ್ಟರು.